ಹಾಲು ಉಕ್ಕಿದ ರಾತ್ರಿ

ವಿಸಿಆರ್ ಬರುವ ಶನಿವಾರ ನಮ್ಮ ಚಾಳಿನ ಹೆಂಗಸರು ಸಂಜೆ ಐದಕ್ಕೇ ಅನ್ನಕ್ಕೆ ಇಡುತ್ತಿದ್ದರು. ಚೆಂಬೂರಿನ ಘಾಟ್ಲಾದಲ್ಲಿ ಸಾಲಾಗಿ ಹನ್ನೊಂದು ಖೋಲಿ, ಅದರಲ್ಲಿ ಏಳು ನಮ್ಮ ಕಡೆಯವರದ್ದು. ಕುಂದಾಪುರ, ಬಾರಕೂರು, ಕಾಪು, ಮುಲ್ಕಿ ಎಂದು ಬಾಗಿಲಿಗೊಂದು ಊರು. ಒಂದು ಒಲೆಯಿಂದ ಕುಚ್ಚಲಕ್ಕಿ ಬೇಯುವ ಪರಿಮಳ, ಮತ್ತೊಂದರಿಂದ ಒಣಮೀನು ಸುಟ್ಟ ಘಾಟು, ಇವೆರಡರ ಮೇಲೆ ಗಾಳಿ ಮಾಹುಲಿನ ಕಡೆಯಿಂದ ತಿರುಗಿದರೆ ಕಣ್ಣಲ್ಲಿ ನೀರು ಬರಿಸುವ ಅಮೋನಿಯಾ. ರಾತ್ರಿಯಾದರೆ ರಿಫೈನರಿಯ ಚಿಮಣಿಯ ತುದಿಯಲ್ಲಿ ಬೆಂಕಿ ಉರಿಯುತ್ತಿತ್ತು. ಊರಿನಿಂದ ಹೊಸದಾಗಿ ಬಂದ ಸಣ್ಣಮ್ಮ ಅದನ್ನು ಮೊದಲ ದಿನ ಕಂಡು, ಎಲ್ಲಿಯೋ ಹುಲ್ಲಿನ ಕುತ್ತರಿಗೆ ಬೆಂಕಿ ಬಿದ್ದಿದೆ ಎಂದು ಕೂಗಿಕೊಂಡದ್ದು ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ನಡೆದ ನಗೆ.

ವಿಸಿಆರ್ ತರಲು ರೇಶನ್ ಕಾರ್ಡು ಒತ್ತೆ ಇಡಬೇಕು. ಒಂದು ರಾತ್ರಿಗೆ ಕಲರ್ ಟಿವಿ, ವಿಸಿಆರ್, ಮೂರು ಕ್ಯಾಸೆಟ್. ಬೆಳಿಗ್ಗೆ ಎಂಟಕ್ಕೆ ವಾಪಸು. ಮಾಳಿಗೆಯ ದೊಡ್ಡಪ್ಪ ಏಳೂ ಮನೆಯಿಂದ ದುಡ್ಡು ಒಟ್ಟು ಮಾಡಿ, ಕೈಗಾಡಿಯವನ ಪಕ್ಕದಲ್ಲೇ ಟಿವಿಯನ್ನು ಹಿಡಿದುಕೊಂಡು ಬರುವಾಗ ನಾವು ಮಕ್ಕಳು ಮಠದ ಪಲ್ಲಕ್ಕಿ ಬಂದ ಹಾಗೆ ಹಿಂದೆ ಮುಂದೆ ಓಡುತ್ತಿದ್ದೆವು. ಮಳೆಗಾಲದಲ್ಲಿ ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿದಿರುತ್ತಿತ್ತು. ಮುಚ್ಚಳ ಎತ್ತಿ ನೋಡಿದರೆ ಕಪ್ಪು ಸುರುಳಿಯ ಅಂಚಿನಲ್ಲಿ ಬೂದಿ ಉದುರಿದಂತೆ ಬಿಳಿ. ಹಾಗೆಯೇ ಹಾಕಿದರೆ ಯಂತ್ರದ ಹೆಡ್ಡಿಗೆ ಮೆತ್ತಿ ಪರದೆಯ ತುಂಬ ಹಿಮ ಬೀಳುತ್ತಿತ್ತು. ದೊಡ್ಡಪ್ಪ ಅಂಗಡಿಯಲ್ಲೇ ಒಂದೊಂದನ್ನೂ ಬೆಳಕಿಗೆ ಹಿಡಿದು, ಬದನೆಕಾಯಿ ಆರಿಸುವ ಹಾಗೆ ಆರಿಸಿ ತರುತ್ತಿದ್ದ.

ಮೂರರಲ್ಲಿ ಎರಡು ಮಕ್ಕಳಿಗೆ, ಅಂದರೆ ಹೊಡೆದಾಟದ್ದು. ಮೂರನೆಯದು ದೊಡ್ಡವರಿಗೆ. ಆ ಮೂರನೆಯದು ಯಾವಾಗಲೂ ಊರು ಬಿಟ್ಟವರ ಕತೆ ಆಗಿರುತ್ತಿತ್ತು ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ಬೇಕೆಂದು ತಂದದ್ದಲ್ಲ. ಹಳೆಯ ಹಿಂದಿ ಸಿನಿಮಾದಲ್ಲಿ ನಾಲ್ಕಕ್ಕೊಂದು ಹೇಗೂ ಹೆಗಲ ಮೇಲೆ ಗಂಟು ಹೊತ್ತು ಮುಂಬಯಿಗೆ ಬರುವವನದ್ದೇ ಅಲ್ಲವೇ?

ಅಂಥವನು ಹುಟ್ಟಿದ ಜಾಗ ನಮ್ಮ ಶಾಲೆಯ ದಾರಿಯಲ್ಲೇ ಇತ್ತು. ಸಾಯನ್-ಟ್ರಾಂಬೆ ರಸ್ತೆಗೆ ಮುಖಮಾಡಿ ಆರ್.ಕೆ. ಸ್ಟುಡಿಯೋದ ಗೇಟು, ಅದರ ಮೇಲೆ ಒಂದು ಕೈಯಲ್ಲಿ ಪಿಟೀಲು, ಇನ್ನೊಂದು ಕೈಯಲ್ಲಿ ಹೆಣ್ಣನ್ನು ಹಿಡಿದ ಆ ಗುರುತು. ರಾಜ್ ಕಪೂರ್ 1948ರಲ್ಲಿ ಕಟ್ಟಿದ ಸ್ಟುಡಿಯೋ. ಅವನೂ ಇಲ್ಲಿಯವನಲ್ಲ, ಪೇಶಾವರದಲ್ಲಿ ಹುಟ್ಟಿದವನು. ಆಚೆ ಚೆಂಬೂರು ಕ್ಯಾಂಪಿನ ಸಿಂಧಿಗಳು ದೇಶ ಒಡೆದಾಗ ಎಲ್ಲ ಬಿಟ್ಟು ಬಂದವರು, ಛೇಡಾ ನಗರದಲ್ಲಿ ತಮಿಳರು, ನಡುವೆ ನಾವು. ಇಷ್ಟು ಜನ ಹೊರಗಿನವರ ಮಧ್ಯೆ ಕೂತು ಅವನು 1955ರಲ್ಲಿ 'ಶ್ರೀ 420' ಮಾಡಿದ. ಅಲಹಾಬಾದಿನಿಂದ ನಡೆದು ಬಂದ ಹುಡುಗ, ಪ್ರಾಮಾಣಿಕತೆಗೆ ಸಿಕ್ಕಿದ ಪದಕವನ್ನು ಮುಂಬಯಿಯ ಗಿರವಿ ಅಂಗಡಿಯಲ್ಲಿ ಒತ್ತೆ ಇಡುತ್ತಾನೆ. ಆ ದೃಶ್ಯಕ್ಕೆ ಸರಿಯಾಗಿ ಮಾಳಿಗೆಯ ದೊಡ್ಡಮ್ಮ, "ನಮ್ ರೇಶನ್ ಕಾರ್ಡ್ ಹಾಂಗೇ" ಎಂದು ನಗುತ್ತಿದ್ದಳು.

ಆದರೆ ಅದೇ ಸಿನಿಮಾದಲ್ಲಿ ನೂರು ರೂಪಾಯಿಗೆ ಬಡವರಿಗೆಲ್ಲ ಮನೆ ಎಂದು ಮೋಸದ ಕಂಪನಿ ಘೋಷಿಸುವಾಗ, ಫುಟ್‌ಪಾತಿನವರು ಗಂಟಿನಿಂದ ದುಡ್ಡು ಬಿಚ್ಚಿ ಸಾಲು ನಿಲ್ಲುವಾಗ, ನಮ್ಮ ಖೋಲಿಯಲ್ಲಿ ಯಾರೂ ನಗುತ್ತಿರಲಿಲ್ಲ. ಗಂಡಸರು ಬಾಯಿಯಲ್ಲಿದ್ದ ಕವಳ ಉಗುಳಲೆಂದು ಹೊರಗೆ ಹೋಗುತ್ತಿದ್ದರು. ಪಗಡಿ ಕೊಟ್ಟು, ಡಿಪಾಸಿಟ್ ಕೊಟ್ಟು, ಯಾವನೋ ಬಿಲ್ಡರನ ಹಿಂದೆ ಚಪ್ಪಲಿ ಸವೆಸಿದವರು ಆ ಹನ್ನೊಂದು ಖೋಲಿಯಲ್ಲಿ ಎಷ್ಟು ಮಂದಿ ಇದ್ದರು ಎಂದು ಈಗ ಲೆಕ್ಕ ಹಾಕಿದರೆ ಆ ಹೊರಗೆ ಹೋದವರ ಲೆಕ್ಕಕ್ಕೆ ಸರಿ ಹೋಗುತ್ತದೆ.

ಹೆಂಗಸರು ನೋಡುವ ಕ್ರಮ ಬೇರೆ. ಅವರಿಗೆ ನಾಯಕ, ನಾಯಕಿ, ಕತೆ ಯಾವುದೂ ಬೇಡ. ಹಿಂದೆ ಕಾಣುವುದು ಬೇಕು. ಸಂಘದವರು ಒಮ್ಮೆ 'ಬಂಗಾರದ ಮನುಷ್ಯ'ದ ಹದಿನಾರು ಎಂ.ಎಂ. ಪ್ರಿಂಟು ತರಿಸಿ ಬಿಳಿ ಪರದೆ ಕಟ್ಟಿದ್ದರು. ಒಂದೇ ಪ್ರೊಜೆಕ್ಟರು. ಮುಕ್ಕಾಲು ಗಂಟೆಗೊಮ್ಮೆ ರೀಲು ಮುಗಿದು, ಲೈಟು ಹತ್ತಿ, ಆಪರೇಟರು ಹೊಸ ರೀಲನ್ನು ಹಲ್ಲುಗಾಲಿಗೆ ಸಿಕ್ಕಿಸುವವರೆಗೆ ಎಲ್ಲರೂ ಎದ್ದು ಕೂತು ಮಾತು. ಆ ಸಂದಿಯಲ್ಲಿ ನಮ್ಮ ಅಮ್ಮ, ಸಣ್ಣಮ್ಮ, ಕಾಪುವಿನ ಅಕ್ಕ ರಾಜಕುಮಾರನ ಬಗ್ಗೆ ಒಂದು ಮಾತು ಆಡಲಿಲ್ಲ. "ಆ ಬಾವಿಕಟ್ಟೆ ಕಂಡ್ಯಾ?" "ಗದ್ದೆ ಅಂಚಿಗೆ ತೆಂಗಿನ ಸಸಿ ಇಲ್ಲ, ನಮ್ಮ ಕಡೆದಲ್ಲ ಅದು." "ಹಟ್ಟಿ ಕಾಣ್, ಎಷ್ಟ್ ಚೊಕ್ಕ ಇತ್ತ್." ಘಟ್ಟದ ಮೇಲಿನ ಆ ಊರಿನಲ್ಲಿ ಅವರು ತಮ್ಮ ಕರಾವಳಿಯನ್ನು ಹುಡುಕುತ್ತಿದ್ದರು, ಸಿಗದಿದ್ದಾಗ ಸಿನಿಮಾದ ಮೇಲೆ ಸಿಟ್ಟು ಮಾಡುತ್ತಿದ್ದರು.

ಆ ಸಿನಿಮಾದ ಮಾತು ಬಂದರೆ ಬಾರಕೂರಿನ ಮಾವನ ಮಾತು ಬಾರದೆ ಇರುವುದಿಲ್ಲ. ಓದಿದವನೊಬ್ಬ ಹಳ್ಳಿಗೆ ಬಂದು ಬಂಜರು ನೆಲದಲ್ಲಿ ಬಂಗಾರ ಬೆಳೆಯುವ ಕತೆ ನೋಡಿ 1972ರ ನಂತರ ಎಷ್ಟೋ ಹುಡುಗರು ಪೇಟೆ ಬಿಟ್ಟು ಬೇಸಾಯಕ್ಕೆ ಹೋದರು ಎಂದು ಕರ್ನಾಟಕದಲ್ಲಿ ಹೇಳುವುದುಂಟು. ನಮ್ಮ ಚಾಳಿನಿಂದ ಹೋದದ್ದು ಮಾವ ಒಬ್ಬನೇ. ಪರದೆ ಮಡಿಚಿದ ಮರುವಾರವೇ ಹೋಟೆಲಿನ ಲೆಕ್ಕ ಚುಕ್ತಾ ಮಾಡಿ, ಟ್ರಂಕು ಕಟ್ಟಿ, ನಮಗೆಲ್ಲ ಒಂದೊಂದು ಪೆಪ್ಪರಮಿಂಟು ಕೊಟ್ಟು ಹೋದ. ದೀಪಾವಳಿಗೆ ವಾಪಸು ಬಂದ. ಭೂಮಿಯ ಡಿಕ್ಲರೇಶನ್ ಆಗಿತ್ತು, ಒಕ್ಕಲಿನವರ ಪಾಲಿಗೆ ಹೋಗಿತ್ತು, ಉಳಿದದ್ದು ಅಣ್ಣಂದಿರು ಹಂಚಿಕೊಂಡ ಮೇಲೆ ಮೂರು ಮುಡಿ ಗದ್ದೆ. ಸಿನಿಮಾದಲ್ಲಿಯೂ ರಾಜೀವ ಕೊನೆಗೆ ಎಲ್ಲವನ್ನೂ ಬಿಟ್ಟು ಒಬ್ಬನೇ ಹೊರಟುಹೋಗುತ್ತಾನಲ್ಲ, ಮಾವ ಅದನ್ನು ಸರಿಯಾಗಿ ನೋಡಿರಲಿಲ್ಲ, ನಾಲ್ಕನೆಯ ರೀಲಿನ ಹೊತ್ತಿಗೆ ನಿದ್ದೆ ಹೋಗಿದ್ದ ಎಂದು ದೊಡ್ಡಪ್ಪನ ತಮಾಷೆ. ಮಾವ ಅದಕ್ಕೆ ನಗುತ್ತಿದ್ದ. ಮತ್ತೆ ಊರಿಗೆ ಹೋಗುವ ಮಾತು ಎತ್ತಲಿಲ್ಲ.

ಊರಿಗೆ ಹೋಗುವುದೆಂದರೆ ಕೊಂಕಣ ರೈಲು ಬರುವ ಮೊದಲು ಸಣ್ಣ ಸಂಗತಿಯಲ್ಲ. ಪುಣೆ, ಕೊಲ್ಲಾಪುರ, ಬೆಳಗಾವಿ ಸುತ್ತಿ, ಘಟ್ಟ ಇಳಿದು ಒಂದು ಹಗಲು ಒಂದು ರಾತ್ರಿಯ ಬಸ್ಸು. ಮಕ್ಕಳಿಗೆ ವಾಂತಿಗೆ ಪ್ಲಾಸ್ಟಿಕ್ ತೊಟ್ಟೆ, ಲಿಂಬೆಹಣ್ಣು, ಮಡಕೆಯಾಕಾರದ ಸ್ಟೀಲ್ ಡಬ್ಬದಲ್ಲಿ ಮೊಸರನ್ನ. ಹೋಗುವಾಗ ಸಾಬೂನು, ಚಾಪುಡಿ, ಟೆರಿಲಿನ್ ಬಟ್ಟೆ. ಬರುವಾಗ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಯ ಭರಣಿ, ತೆಂಗಿನಕಾಯಿಯ ಗೋಣಿ. ಇದೆಲ್ಲ ಎರಡು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ. ನಡುವೆ ಯಾರಾದರೂ ಸತ್ತರೆ ತಂತಿ ಬಂದು ಮುಟ್ಟುವಷ್ಟರಲ್ಲಿ ಅಲ್ಲಿ ಬೂದಿ ಆರಿರುತ್ತಿತ್ತು.

ಇದನ್ನು ಇಷ್ಟು ಹೇಳಿದ್ದು 'ಗಮನ್' ನೋಡಿದ ರಾತ್ರಿಯ ಸಲುವಾಗಿ.

1986 ಇರಬೇಕು, ನಮ್ಮದೇ ಕಪ್ಪು-ಬಿಳುಪು ಟಿವಿ ಬಂದಾಗಿತ್ತು. ದೂರದರ್ಶನದಲ್ಲಿ ತಡರಾತ್ರಿ ಹಾಕಿದರು. ಹಾಡು ಕುಣಿತ ಇಲ್ಲದ್ದು ಎಂದು ನೆರೆಯವರು ಎದ್ದು ಹೋದರು. ನಾವು ಮೂರು ಮಕ್ಕಳು, ಅಪ್ಪ, ಅಮ್ಮ ಉಳಿದೆವು. ಮುಜಫ್ಫರ್ ಅಲಿ 1978ರಲ್ಲಿ ಮಾಡಿದ ಸಿನಿಮಾ. ಉತ್ತರ ಪ್ರದೇಶದ ಹಳ್ಳಿಯಿಂದ ಗುಲಾಮ್ ಎಂಬವ ತಾಯಿಯನ್ನೂ ಹೆಂಡತಿಯನ್ನೂ ಬಿಟ್ಟು ಮುಂಬಯಿಗೆ ಬರುತ್ತಾನೆ, ಮೊದಲು ಟ್ಯಾಕ್ಸಿ ತೊಳೆಯುತ್ತಾನೆ, ಆಮೇಲೆ ಓಡಿಸುತ್ತಾನೆ. ಫಾರೂಕ್ ಶೇಖ್. ಅಪ್ಪನಿಗೆ ಅವನ ಮುಖ ಹಿಡಿಸಿತು. "ನಮ್ ಹೋಟ್ಲಿಗೆ ಚಾಕ್ಕೆ ಬಪ್ಪ ಭಯ್ಯಾನ ಹಾಂಗೇ ಇದ್ದ" ಎಂದ. ಟ್ಯಾಕ್ಸಿ ತೊಳೆಯುವ ದೃಶ್ಯ ಬಂದಾಗ ಸುಮ್ಮನಾದ. ಅಪ್ಪ ಹದಿಮೂರನೆಯ ವಯಸ್ಸಿಗೆ ಬಂದು ಮಾಣಿಯಾಗಿ ಕಪ್ಪುಬಶಿ ತೊಳೆದವನು, ರಾತ್ರಿಶಾಲೆಯಲ್ಲಿ ಕಲಿತು ಗಲ್ಲಾದ ಮೇಲೆ ಕೂತವನು.

ಬೇರೆ ಸಿನಿಮಾಗಳು ಬಂದವನನ್ನೇ ಹಿಂಬಾಲಿಸುತ್ತವೆ. ಬಂದ, ಕೆಟ್ಟ, ಅಥವಾ ಗೆದ್ದ. ಬಿಟ್ಟ ಮನೆ ಮೊದಲ ರೀಲಿಗೇ ಮುಗಿಯುತ್ತದೆ. 'ಗಮನ್' ಹಾಗಲ್ಲ, ನಡುನಡುವೆ ತಿರುಗಿ ಹಳ್ಳಿಗೆ ಹೋಗುತ್ತದೆ. ಅಲ್ಲಿ ಸ್ಮಿತಾ ಪಾಟೀಲ್ ಏನೂ ಮಾಡುವುದಿಲ್ಲ. ಕಾಯುತ್ತಾಳೆ, ಅತ್ತೆಯ ಕಾಲೊತ್ತುತ್ತಾಳೆ, ಕಾಗದಕ್ಕೆ ಕಾಯುತ್ತಾಳೆ. ಅಷ್ಟನ್ನೇ ಇಷ್ಟು ಹೊತ್ತು ತೋರಿಸಲು ಧೈರ್ಯ ಬೇಕು. ಜೈದೇವರ ಸಂಗೀತಕ್ಕೂ, ಆ ಕಾಯುವವಳ ಹಾಡು ಹಾಡಿದ ಛಾಯಾ ಗಂಗೂಲಿಗೂ ರಾಷ್ಟ್ರಪ್ರಶಸ್ತಿ ಬಂದದ್ದು ಆಮೇಲೆ ಓದಿ ತಿಳಿದದ್ದು. ಆ ರಾತ್ರಿ ಹಾಡು ಬಂದಾಗ ಅಮ್ಮ ಸೆರಗಿನಿಂದ ಟಿವಿಯ ಗಾಜು ಒರೆಸಿದಳು, ಧೂಳು ಕೂತಿದೆ ಎಂದು. ಮದುವೆಯಾಗಿ ಆರು ವರ್ಷ ಅವಳು ಕುಂದಾಪುರದ ಆ ಮನೆಯಲ್ಲಿ ಅತ್ತೆಯ ಜೊತೆ ಇದ್ದು, ಆಮೇಲೆ ಚೆಂಬೂರಿಗೆ ಬಂದವಳು.

ಕೊನೆಯಲ್ಲಿ ಗುಲಾಮನ ತಾಯಿಗೆ ಕಾಯಿಲೆ. ಅವನು ಸ್ಟೇಷನ್ನಿಗೆ ಹೋಗುತ್ತಾನೆ. ಕೈಯಲ್ಲಿ ದುಡ್ಡಿದೆ, ರೈಲಿದೆ. ನಾವು ಮಕ್ಕಳು ಈಗ ಹತ್ತುತ್ತಾನೆ ಎಂದು ಕಾದೆವು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಕೂಡಿಟ್ಟದ್ದರಲ್ಲಿ ಅರ್ಧಕ್ಕರ್ಧ ಹೋಗಿಬರುವ ಖರ್ಚಿಗೇ ಹೋದರೆ ಔಷಧಿಗೆ ಏನು ಉಳಿಯುತ್ತದೆ? ರೈಲು ಹೋಗುತ್ತದೆ. ಅವನು ಜಾಲರಿಯ ಈಚೆ ನಿಂತಿರುತ್ತಾನೆ. ಅಷ್ಟೇ, ಮುಗಿಯಿತು.

ತಮ್ಮ, "ಇದೆಂತ ಸಿನಿಮಾ, ಮುಗುದೇ ಇಲ್ಲ" ಎಂದು ಗೊಣಗಿದ. ಅಪ್ಪ ಮುಗಿಯುವ ಒಂದು ನಿಮಿಷ ಮೊದಲೇ ಎದ್ದಿದ್ದ. "ಹಾಲ್ ಉಕ್ಕತ್ತ್" ಎಂದು ಒಳಗೆ ಹೋಗಿದ್ದ. ಒಳಗೆ ಎಂದರೆ ಅದೇ ಖೋಲಿಯ ಪರದೆಯ ಆಚೆ, ಮೋರಿಯ ಪಕ್ಕ. ಸ್ಟವ್ವಿನ ಸದ್ದು ಇರಲಿಲ್ಲ. ನಾವು ಹಾಸಿಗೆ ಬಿಡಿಸಿ ಮಲಗುವವರೆಗೂ ಅವನು ಬರಲಿಲ್ಲ.

ಅಪ್ಪನ ಟ್ರಂಕಿನಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಮನಿಯಾರ್ಡರ್ ಮಾಡಿದರೆ, ಅಲ್ಲಿ ದುಡ್ಡು ಪಡೆದವರ ರುಜುವಿನ ಚೀಟಿ ಪೋಸ್ಟಿನಲ್ಲಿ ತಿರುಗಿ ಬರುತ್ತಿತ್ತು. ಅಜ್ಜಿಗೆ ಅಕ್ಷರ ಬಾರದು, ಹೆಬ್ಬೆರಳು. ತಿಂಗಳಿಗೊಂದು ನೀಲಿ ಹೆಬ್ಬೆರಳು. ಮೇಲಿನಿಂದ ಕೆಳಗೆ ನೋಡುತ್ತ ಹೋದರೆ ಮೊದಮೊದಲು ಒತ್ತಿ ಹಾಕಿದ ದಪ್ಪ ಅಚ್ಚು, ಆಮೇಲೆ ಓರೆ, ಆಮೇಲೆ ಗೆರೆಗಳು ಸವೆದು ಬರೀ ಮಸಿಯ ಕಲೆ. ಬಸ್ಸಿನ ಟಿಕೆಟ್ಟು ಹೋಗಿಬರಲು ಅವಳ ಎರಡು ತಿಂಗಳ ಮನಿಯಾರ್ಡರಿನಷ್ಟು ಆಗುತ್ತಿತ್ತು ಎಂದು ಅಪ್ಪನೇ ಒಮ್ಮೆ ಹೇಳಿದ್ದ, ಯಾವುದೋ ಬೇರೆ ಮಾತಿನ ನಡುವೆ. ಅವಳಿಗೆ ಕಾಯಿಲೆ ಎಂದು ಕಾಗದ ಬಂದ ತಿಂಗಳ ಚೀಟಿಯೂ ಅದರಲ್ಲಿ ಇದೆ. ಅದು ಎಂದಿಗಿಂತ ಹೆಚ್ಚು ಮೊತ್ತದ್ದು.

ಆಮೇಲೆ ನಮ್ಮ ಸರದಿ ಬಂತು. ಅಣ್ಣ ಕಂಪ್ಯೂಟರ್ ಕಲಿತು ತೊಂಬತ್ತರ ದಶಕದಲ್ಲಿ ನ್ಯೂಜೆರ್ಸಿಗೆ ಹೋದ. ಅಷ್ಟರಲ್ಲಿ ನಾಗತಿಹಳ್ಳಿ ಚಂದ್ರಶೇಖರರ 'ಅಮೆರಿಕಾ ಅಮೆರಿಕಾ' ಬಂದಿತ್ತು, ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಸಂಗೀತ ಮಾಡಿದ ಮನೋಮೂರ್ತಿ ಅಮೆರಿಕದಲ್ಲೇ ನೆಲೆಸಿದವರು ಎಂಬುದು ಅಮ್ಮನಿಗೆ ದೊಡ್ಡ ಸಮಾಧಾನ, ಹೋದವರು ಕನ್ನಡ ಮರೆಯುವುದಿಲ್ಲ ಎಂಬುದಕ್ಕೆ ಸಾಕ್ಷಿ. ಕ್ಯಾಸೆಟ್ ಕೊಂಡು, ಹಲಸಿನ ಹಪ್ಪಳದ ನಡುವೆ ಒಡೆಯದ ಹಾಗೆ ಇಟ್ಟು, ಹೋಗುವವರೊಬ್ಬರ ಕೈಯಲ್ಲಿ ಕಳುಹಿಸಿದಳು. ಹಪ್ಪಳ ಮುಟ್ಟಿತು, ಸಿನಿಮಾ ಮುಟ್ಟಲಿಲ್ಲ.

ಕಾರಣ ಅಣ್ಣ ಫೋನಿನಲ್ಲಿ ಹೇಳಿದಾಗ ಯಾರಿಗೂ ಅರ್ಥವಾಗಲಿಲ್ಲ. ನಮ್ಮ ಟಿವಿಯ ಚಿತ್ರ ಪಾಲ್ ಎಂಬ ಪದ್ಧತಿಯದ್ದು, 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ, 525 ಗೆರೆ, ಸೆಕೆಂಡಿಗೆ 30. ಕ್ಯಾಸೆಟ್ಟು ನೋಡಲು ಒಂದೇ, ಯಂತ್ರದ ಬಾಯಿಗೂ ಸರಿಯಾಗಿ ಹೋಗುತ್ತದೆ, ಆದರೆ ಪರದೆಯ ಮೇಲೆ ಬಣ್ಣ ಹೋಗಿ, ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇರುತ್ತದೆ. ದುಬೈ, ಮಸ್ಕತ್ತಿಗೆ ಹೋದ ಕಾಪುವಿನ ಅಕ್ಕನ ಮಕ್ಕಳಿಗೆ ಈ ರಗಳೆ ಇರಲಿಲ್ಲ, ಅಲ್ಲಿಯೂ ಪಾಲ್. ಅಣ್ಣ ಆ ಉರುಳುವ ಚಿತ್ರವನ್ನೇ ಒಂದು ಗಂಟೆ ಹಾಕಿಕೊಂಡು ಕೂತಿದ್ದನಂತೆ. ಹಾಡು, ಮಾತು ಹೇಗೋ ಕೇಳುತ್ತಿತ್ತು, ಅಷ್ಟು ಸಾಕಾಯಿತು ಎಂದ. ಆಮೇಲೆ ಅಲ್ಲಿಯ ಇಂಡಿಯನ್ ಕಿರಾಣಿ ಅಂಗಡಿಯವರು ಡಾಲರು ತೆಗೆದುಕೊಂಡು ಅಲ್ಲಿಯ ಪದ್ಧತಿಗೆ ತಿರುಗಿಸಿಕೊಟ್ಟರು.

ನಾವು ಅದನ್ನು ಇಲ್ಲಿ ನೋಡಿದೆವು. ಸೂರ್ಯ, ಭೂಮಿ, ಶಶಾಂಕ ಎಂದು ಮೂವರು. ಒಬ್ಬ ಊರಿನಲ್ಲೇ ಉಳಿಯುವವನು, ಒಬ್ಬ ಅಮೆರಿಕಕ್ಕೆ ಹಾರುವವನು, ನಡುವೆ ಅವಳು. ಹಾಡುಗಳು ಚೆಂದ, ರಮೇಶ್ ಚೆಂದ. ಆದರೆ ಉಳಿದವನು ಒಳ್ಳೆಯವನು, ಹೋದವನಿಗೆ ದುಡ್ಡಿನ ಹುಚ್ಚು ಎನ್ನುವ ಹಾಗೆ ತಕ್ಕಡಿ ಒಂದು ಕಡೆ ವಾಲಿದ್ದು ನನಗೆ ಇವತ್ತಿಗೂ ಒಪ್ಪಿತವಲ್ಲ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಅದು ಸುಲಭ. ನಮ್ಮ ಅಪ್ಪ ಯಾರು ಅದರಲ್ಲಿ? ಹೋದವನೋ, ಉಳಿದವನೋ? ಅಮ್ಮನಿಗೆ ಇಂಥ ತಕರಾರು ಇರಲಿಲ್ಲ. ಅವಳು ಎಂದಿನ ಹಾಗೆ ಹಿಂದೆ ಕಾಣುವುದನ್ನು ನೋಡಿದಳು. ಈ ಸಲ ಅವಳು ಹುಡುಕಿದ್ದು ಬಾವಿಕಟ್ಟೆಯಲ್ಲ. ಅಲ್ಲಿಯ ರಸ್ತೆ, ಅಂಗಡಿ, ಅಡುಗೆಮನೆ. "ಅಷ್ಟ್ ದೊಡ್ಡ ಮನಿಯಂಗೆ ಒಬ್ರೂ ಕಾಂತಿಲ್ಲೆ" ಎಂದಳು.

ಈಗ ಚಾಳು ಇಲ್ಲ, ಹದಿನಾಲ್ಕು ಮಾಳಿಗೆಯ ಕಟ್ಟಡ. ಆರ್.ಕೆ. ಸ್ಟುಡಿಯೋಗೆ 2017ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿತ್ತು, ಹಳೆಯ ಸಿನಿಮಾಗಳ ಉಡುಪುಗಳೆಲ್ಲ ಸುಟ್ಟುಹೋದವು, ಎರಡು ವರ್ಷದೊಳಗೆ ಜಾಗವೂ ಮಾರಾಟವಾಯಿತು. ಗಂಟು ಹೊತ್ತು ಬಂದವನ ಸಿನಿಮಾ ಮಾಡಿದ ನೆಲದಲ್ಲಿ ಈಗ ಕೋಟಿಗಟ್ಟಲೆಯ ಫ್ಲ್ಯಾಟುಗಳು. ಹಳೆಯ ಕಾಗದದ ಮನಿಯಾರ್ಡರನ್ನೂ ಅಂಚೆಯವರು 2015ರಲ್ಲಿ ನಿಲ್ಲಿಸಿದರು. ಊರಿನ ಬಸ್ಸು ಮಾತ್ರ ಇವತ್ತಿಗೂ ಸಂಜೆ ಮೈತ್ರಿ ಪಾರ್ಕಿನ ಹತ್ತಿರ ನಿಲ್ಲುತ್ತದೆ.

ಹೋದ ಚಳಿಗಾಲದಲ್ಲಿ ಅಣ್ಣನ ಮಗಳು ವಿಡಿಯೋ ಕರೆ ಮಾಡಿದಳು. ಕಾಲೇಜಿನಲ್ಲಿ ಸಿನಿಮಾ ಓದುತ್ತಾಳೆ, ವಲಸೆಯ ಸಿನಿಮಾಗಳ ಮೇಲೆ ಏನೋ ಬರೆಯಬೇಕಂತೆ. 'ಗಮನ್' ನೋಡಿದಳಂತೆ, ಅವಳಪ್ಪನೂ ಪಕ್ಕದಲ್ಲಿ ಕೂತಿದ್ದನಂತೆ. ಕೊನೆ ಬರುವಾಗ ಎದ್ದು ಹೋದನಂತೆ. ಅಪ್ಪ ಹೋದಾಗ ಅಣ್ಣನಿಗೆ ವೀಸಾದ ತೊಡಕಿನಿಂದ ಬರಲಾಗಿರಲಿಲ್ಲ, ಫೋನನ್ನು ಚಿತೆಯ ಕಡೆ ಹಿಡಿದವನು ನಮ್ಮ ತಮ್ಮ.

"ಎಲ್ಲಿಗೆ ಹೋದ?" ಎಂದು ಅಮ್ಮ ಕೇಳಿದಳು. ಈಗ ಅವಳಿಗೆ ಎಂಬತ್ತಾರು, ಪರದೆಯ ತೀರ ಹತ್ತಿರ ಮುಖ ಹಿಡಿಯುತ್ತಾಳೆ.

"ಕಿಚನ್ನಿಗೆ, ಅಜ್ಜಿ. ಹಾಲು ಇಟ್ಟಿದ್ದೇನೆ ಅಂದ್ರು."

ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಉಕ್ಕಿತಾ?" ಎಂದಳು.